ಈ ಸಂದೇಶ ಬರೆದದ್ದು ಯಾರು?

ಆಟದ ಸರ್ವರ್‌ಗೆ ಸೇರಲು ಹೋಗಿ ಪರದೆಯ ಮೇಲೆ `Connection timed out` ಎಂದು ಬಂದಾಗ ಹೆಚ್ಚಿನವರು ಅದನ್ನು ಸರ್ವರ್ ಕೊಟ್ಟ ಉತ್ತರ ಎಂದುಕೊಳ್ಳುತ್ತಾರೆ. ಆದರೆ ಆ ಸಾಲನ್ನು ಬರೆದದ್ದು ನಮ್ಮ ಕೈಯಲ್ಲಿರುವ ಯಂತ್ರವೇ. ಸರ್ವರ್‌ನಿಂದ ಒಂದಕ್ಷರವೂ ನಮಗೆ ತಲುಪಿಲ್ಲ ಎಂಬುದೇ ಅದರ ಅರ್ಥ. `The server is full!` ಹಾಗಲ್ಲ, ಅದನ್ನು ಸರ್ವರೇ ಬರೆದು ಕಳಿಸಿರುತ್ತದೆ. ಸಂದೇಶ ಕಂಡ ಕೂಡಲೇ ಇದನ್ನು ಬರೆದದ್ದು ಯಾರು ಎಂದು ಕೇಳಿಕೊಂಡರೆ, ತೊಂದರೆಯನ್ನು ಎಲ್ಲಿ ಹುಡುಕಬೇಕು, ಎಲ್ಲಿ ಹುಡುಕಬೇಕಾಗಿಲ್ಲ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆ.

ಮಂಗಳೂರಿನ ಬಿಜೈಯಲ್ಲಿರುವ ನನ್ನ ಅಕ್ಕನ ಮಗ ರಜೆಯಲ್ಲಿ ಮನೆಯ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಮೈನ್‌ಕ್ರಾಫ್ಟ್ ಆಟದ ಸರ್ವರ್ ಹಾಕಿದ. ಉಡುಪಿ, ಮಣಿಪಾಲ, ಕುಂದಾಪುರದಲ್ಲಿರುವ ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳೆಲ್ಲ ರಾತ್ರಿ ಊಟವಾದ ಮೇಲೆ ಸೇರಿ ಆಡುವುದೆಂದು ಮಾತಾಗಿತ್ತು. ಮನೆಯೊಳಗಿನ ಲ್ಯಾಪ್‌ಟಾಪ್‌ನಿಂದ ಸರ್ವರ್‌ಗೆ ಸಲೀಸಾಗಿ ಸೇರಲು ಆಗುತ್ತಿತ್ತು. ಉಡುಪಿಯವರಿಗೆ ಮಾತ್ರ ಒಂದಷ್ಟು ಹೊತ್ತು ಕಾದ ಮೇಲೆ `Connection timed out` ಬರುತ್ತಿತ್ತು. "ಎಂತ ಮಾಮ, ಅವರ ನೆಟ್ ಸರಿ ಇಲ್ವಾ?" ಎಂದು ಹುಡುಗ ಫೋನ್ ಮಾಡಿದ. ಅವರ ನೆಟ್ ಚೆನ್ನಾಗಿಯೇ ಇತ್ತು. ಅದೇ ಹೊತ್ತಿಗೆ ಅವರು ಬೇರೆ ಸರ್ವರ್‌ಗಳಲ್ಲಿ ಆಡುತ್ತಿದ್ದರು.

ಅವನ ಸರ್ವರ್‌ಗೆ ಸೇರುವಾಗ ಮೊದಲು ನಡೆಯುವುದು ಒಂದು ಕೂಗು. ಉಡುಪಿಯ ಕಂಪ್ಯೂಟರ್ "ಸಂಪರ್ಕ ಬೇಕು" ಎಂಬ ಪುಟ್ಟ ಪ್ಯಾಕೆಟ್ ಒಂದನ್ನು ಕಳಿಸುತ್ತದೆ. ಅದಕ್ಕೆ ಸಿನ್ ಎನ್ನುತ್ತಾರೆ. ಆಚೆಯ ಯಂತ್ರ "ಆಗಲಿ" ಎಂದು ಮರುಪ್ಯಾಕೆಟ್ ಕಳಿಸಿದರೆ ಸಂಪರ್ಕ ಕುದುರುತ್ತದೆ. ಉತ್ತರ ಬರದಿದ್ದರೆ ಸ್ವಲ್ಪ ಕಾದು ಅದೇ ಸಿನ್ ಮತ್ತೆ ಹೋಗುತ್ತದೆ, ಆಮೇಲೆ ಮೊದಲಿಗಿಂತ ದುಪ್ಪಟ್ಟು ಕಾದು ಇನ್ನೊಮ್ಮೆ. ವಿಂಡೋಸ್ ಸುಮಾರು 20 ಸೆಕೆಂಡ್ ಹೀಗೆ ಪ್ರಯತ್ನಿಸಿ ಕೈಬಿಡುತ್ತದೆ. ಹಲವು ಲಿನಕ್ಸ್ ಯಂತ್ರಗಳು ಎರಡು ನಿಮಿಷ ದಾಟಿದರೂ ಬಿಡುವುದಿಲ್ಲ. ಆ ಕೈಬಿಟ್ಟ ಗಳಿಗೆಗೆ ಯಂತ್ರ ಕೊಡುವ ಹೆಸರೇ ಟೈಮ್ಡ್ ಔಟ್. ಹೊಳೆಯ ಈಚೆ ದಡದ ಕಡವಿನಲ್ಲಿ ನಿಂತು ದೋಣಿಯವನನ್ನು ಕೂಗಿದಾಗಲೂ ಹೀಗೆಯೇ. ಅವನು ಅಲ್ಲಿಲ್ಲವೋ, ಕೂಗು ಗಾಳಿಗೆ ಹೋಯಿತೋ, ಕೇಳಿಯೂ ಸುಮ್ಮನಿದ್ದಾನೋ, ಅವನು ಓಗೊಟ್ಟದ್ದು ನಮ್ಮವರೆಗೆ ಬರಲಿಲ್ಲವೋ, ಈಚೆ ದಡದಲ್ಲಿ ನಿಂತವರಿಗೆ ತಿಳಿಯುವ ದಾರಿಯಿಲ್ಲ.

ಆದ್ದರಿಂದ ಈ ಸಂದೇಶ ಬಂದಾಗ ಆಟದಲ್ಲಿ, ಖಾತೆಯಲ್ಲಿ, ಪಾಸ್‌ವರ್ಡ್‌ನಲ್ಲಿ ತಪ್ಪು ಹುಡುಕಿ ಫಲವಿಲ್ಲ. ಮಾತು ಅಲ್ಲಿಯವರೆಗೆ ಹೋಗಿಯೇ ಇಲ್ಲ. ಹುಡುಕಬೇಕಾದದ್ದು ದಾರಿಯನ್ನು, ಅದೂ ಆಚೆ ದಡದಲ್ಲಿ ನಿಂತು. ಬಿಜೈಯಲ್ಲಿ ನಾವು ಮೊದಲು ಮಾಡಿದ್ದು ಮನೆಯ ಲ್ಯಾಪ್‌ಟಾಪ್‌ನಲ್ಲಿ ಪವರ್‌ಶೆಲ್ ತೆರೆದು ಈ ಸಾಲನ್ನು ಬರೆದದ್ದು:

```
Test-NetConnection 192.168.1.20 -Port 25565
```

ಮೊದಲನೆಯದು ಮನೆಯೊಳಗೆ ಡೆಸ್ಕ್‌ಟಾಪ್‌ಗೆ ಇರುವ ವಿಳಾಸ, 25565 ಮೈನ್‌ಕ್ರಾಫ್ಟ್ ಸರ್ವರ್ ಸಾಮಾನ್ಯವಾಗಿ ಕಿವಿಗೊಟ್ಟು ಕೂರುವ ಪೋರ್ಟ್. `TcpTestSucceeded : True` ಎಂದು ಬಂತು. ಅಂದರೆ ಸರ್ವರ್ ಜೀವಂತವಾಗಿದೆ, ಮನೆಯೊಳಗಿನ ಕೂಗಿಗೆ ಓಗೊಡುತ್ತಿದೆ. ಯಂತ್ರ ಇದೆಯೇ ಎಂದಷ್ಟೇ ಕೇಳುವ ಪಿಂಗ್ ಮಾಡಿ ನೋಡಿದರೆ ಇಷ್ಟು ಗೊತ್ತಾಗುತ್ತಿರಲಿಲ್ಲ. ಯಂತ್ರ ಪಿಂಗ್‌ಗೆ ಉತ್ತರಿಸಿ ಪೋರ್ಟ್‌ನಲ್ಲಿ ಮೌನವಾಗಿರಬಹುದು, ಪಿಂಗ್‌ಗೆ ಮೌನವಾಗಿದ್ದು ಪೋರ್ಟ್‌ನಲ್ಲಿ ಉತ್ತರಿಸಲೂಬಹುದು.

ಆಮೇಲೆ ಡೆಸ್ಕ್‌ಟಾಪ್‌ನಲ್ಲಿ ಬಂದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ಹಾಕಿ, `tcp.port == 25565` ಎಂದು ಸೋಸಿ, ಉಡುಪಿಯ ಹುಡುಗನಿಗೆ ಈಗ ಸೇರು ಎಂದೆವು. ಇದು ನನ್ನ ಮಟ್ಟಿಗೆ ಟೈಮ್ಡ್ ಔಟ್‌ನ ಒಳಗುಟ್ಟು ಬಿಡಿಸುವ ಅತ್ಯಂತ ನೇರವಾದ ಪರೀಕ್ಷೆ. ಸಿನ್ ಪ್ಯಾಕೆಟ್ ಬಂದಿದ್ದೂ ಉತ್ತರ ಹೊರಡದಿದ್ದರೆ ಡೆಸ್ಕ್‌ಟಾಪ್‌ನ ಫೈರ್‌ವಾಲ್ ಅದನ್ನು ಸದ್ದಿಲ್ಲದೆ ಬಿಸಾಡುತ್ತಿದೆ ಎಂದು ಶಂಕಿಸಬೇಕು. ಉತ್ತರ ಹೊರಟರೂ ಅದೇ ಸಿನ್ ಮತ್ತೆ ಮತ್ತೆ ಬರುತ್ತಿದ್ದರೆ ಉತ್ತರ ವಾಪಸು ಹೋಗುವ ದಾರಿಯಲ್ಲಿ ಕಳೆದುಹೋಗುತ್ತಿದೆ. ನಮಗೆ ಕಂಡದ್ದು ಖಾಲಿ ಪರದೆ. ಉಡುಪಿಯಲ್ಲಿ 20 ಸೆಕೆಂಡ್ ಕಳೆದು ಟೈಮ್ಡ್ ಔಟ್ ಆಯಿತು, ಬಿಜೈಗೆ ಒಂದು ಸಿನ್ ಕೂಡ ಬಂದಿರಲಿಲ್ಲ.

ಹಾಗಾದರೆ ದಾರಿ ರೂಟರ್‌ನಲ್ಲೋ ಅದರಾಚೆಯೋ ಕಡಿದಿದೆ. ಹೊರಗಿನಿಂದ ಬಂದದ್ದನ್ನು ಡೆಸ್ಕ್‌ಟಾಪ್‌ಗೆ ಕಳಿಸು ಎಂಬ ಪೋರ್ಟ್ ಫಾರ್ವರ್ಡಿಂಗ್ ನಿಯಮ ರೂಟರ್‌ನಲ್ಲಿ ಸರಿಯಾಗಿಯೇ ಇತ್ತು. ಆದರೆ ರೂಟರ್‌ನ ಪುಟದಲ್ಲಿ ಅದರ ಹೊರಗಿನ ವಿಳಾಸ 100.72 ಎಂದು ಶುರುವಾಗುತ್ತಿತ್ತು, ಇಂಟರ್ನೆಟ್‌ನಲ್ಲಿ ನಮ್ಮ ವಿಳಾಸ ನೋಡಿದರೆ ಬೇರೆಯೇ ಇತ್ತು. ಇಲ್ಲಿ ಸಂಗತಿ ಬಯಲಾಯಿತು. 100.64ರಿಂದ 100.127ರವರೆಗಿನ ವಿಳಾಸಗಳನ್ನು ಇಂಟರ್ನೆಟ್ ಸೇವೆ ಕೊಡುವವರು ತಮ್ಮ ಒಳಬಳಕೆಗೆ ಇಟ್ಟುಕೊಳ್ಳಲೆಂದು 2012ರಲ್ಲಿ ಮೀಸಲಿಡಲಾಯಿತು. ಐಪಿವಿ4 ವಿಳಾಸಗಳು ಸಾಲದ ಕಾರಣ ಅನೇಕ ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತಾರೆ. ಒಳಗಿನಿಂದ ಹೊರಗೆ ಹೋಗುವುದಕ್ಕೆ ಅಡ್ಡಿಯಿಲ್ಲ. ಹೊರಗಿನಿಂದ ಕರೆಯದೆ ಬಂದ ಸಿನ್ ಮಾತ್ರ ಯಾವ ಮನೆಗೆ ಹೋಗಬೇಕೆಂದು ಗೊತ್ತಾಗದೆ ಕಂಪನಿಯ ಉಪಕರಣದಲ್ಲೇ ಬಿದ್ದುಹೋಗುತ್ತದೆ. ಮನೆಯ ರೂಟರ್‌ನಲ್ಲಿ ಏನು ತಿದ್ದಿದರೂ ಇದು ಸರಿಯಾಗದು. ಸೇವೆ ಕೊಡುವವರಿಂದ ಸಾರ್ವಜನಿಕ ವಿಳಾಸ ಪಡೆಯಬೇಕು, ಇಲ್ಲವೇ ದೂರದ ಯಂತ್ರಗಳನ್ನು ಒಂದೇ ಮನೆಯ ಜಾಲದಲ್ಲಿರುವಂತೆ ಬೆಸೆಯುವ ವಿಪಿಎನ್ ಒಂದರೊಳಗೆ ಎಲ್ಲರೂ ಬರಬೇಕು. ಮಕ್ಕಳು ಎರಡನೆಯದನ್ನು ಆರಿಸಿಕೊಂಡರು.

ಇದರ ನೆರೆಯ ಸಂದೇಶವೊಂದಿದೆ, `Connection refused`. ಅದು ಸಾಮಾನ್ಯವಾಗಿ ಕ್ಷಣಾರ್ಧದಲ್ಲಿ ಬರುತ್ತದೆ. ಆಚೆಯ ಯಂತ್ರ ಸಿಕ್ಕಿದೆ, ಆದರೆ ಆ ಪೋರ್ಟ್‌ನಲ್ಲಿ ಕಿವಿಗೊಟ್ಟವರು ಯಾರೂ ಇಲ್ಲ ಎಂದು ಅದೇ ಹೇಳಿ ಕಳಿಸಿದೆ. ಹೆಚ್ಚಾಗಿ ಸರ್ವರ್ ತಂತ್ರಾಂಶ ಶುರುವಾಗಿಲ್ಲ, ಇಲ್ಲವೇ ಪೋರ್ಟ್ ಸಂಖ್ಯೆ ತಪ್ಪಾಗಿದೆ. ಹಾಗಾಗಿ ಸಂದೇಶ ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಸಂದೇಶದ ಭಾಗವೆಂದೇ ಓದಬೇಕು. ಇದಕ್ಕೊಂದು ಮಿತಿಯಿದೆ: ವಿಂಡೋಸ್‌ನ ಫೈರ್‌ವಾಲ್ ಈ "ಇಲ್ಲ" ಎಂಬ ಉತ್ತರವನ್ನೂ ಹೊರಗೆ ಬಿಡದೆ ತಡೆಯಬಹುದು. ಆಗ ಸರ್ವರ್ ಶುರುವಾಗದೆ ಇದ್ದಾಗಲೂ ಎದುರಿನವರಿಗೆ ಟೈಮ್ಡ್ ಔಟ್ ಎಂದೇ ಕಾಣುತ್ತದೆ.

ವಿಪಿಎನ್ ಆದ ಮೇಲೆ ಉಡುಪಿಯವರು ಸೇರಿಕೊಂಡರು. ಹಳೆಯ ಯಂತ್ರವೆಂದು ಹುಡುಗ `server.properties` ಕಡತದಲ್ಲಿ `max-players=6` ಎಂದು ಬರೆದಿದ್ದ. ಏನೂ ಬರೆಯದಿದ್ದರೆ ಅದು 20 ಇರುತ್ತದೆ. ಆರೂ ಜನ ಆಡುತ್ತಿದ್ದ ಒಂದು ರಾತ್ರಿ ಉಡುಪಿಯಲ್ಲಿ ಕರೆಂಟ್ ಹೋಯಿತು. ಅಲ್ಲಿಯ ಹುಡುಗ ತಡಮಾಡದೆ ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಹಾಕಿ ಮತ್ತೆ ಸೇರಲು ನೋಡಿದ. `The server is full!` ಎಂದು ಬಂತು. "ನನ್ನ ಜಾಗಕ್ಕೆ ಯಾರೋ ನುಗ್ಗಿದ್ರು ಮಾರಾಯ" ಎಂದು ಅವನ ಗಲಾಟೆ.

ಯಾರೂ ನುಗ್ಗಿರಲಿಲ್ಲ. ಅವನ ಜಾಗದಲ್ಲಿ ಅವನೇ ಕೂತಿದ್ದ. ಆಟ ಬಿಟ್ಟು ಹೊರಡುವಾಗ ಕಂಪ್ಯೂಟರ್ ಹೋಗುತ್ತೇನೆಂದು ಸರ್ವರ್‌ಗೆ ತಿಳಿಸುತ್ತದೆ. ರೂಟರ್ ಒಮ್ಮೆಲೇ ಆರಿದರೆ ಆ ಮಾತು ಹೋಗುವುದಿಲ್ಲ. ಇದ್ದೀಯಾ ಎಂದು ಸರ್ವರ್ 15 ಸೆಕೆಂಡ್‌ಗೊಮ್ಮೆ ಕೇಳುತ್ತಿರುತ್ತದೆ. ಉತ್ತರ ಬಾರದಿದ್ದರೆ ಸುಮಾರು ಅರ್ಧ ನಿಮಿಷದೊಳಗೆ ಆ ಆಟಗಾರನನ್ನು ತೆಗೆದುಹಾಕುತ್ತದೆ. ಆ ಅರ್ಧ ನಿಮಿಷ ಅವನು ಲೆಕ್ಕದಲ್ಲಿ ಆರನೆಯವನಾಗಿಯೇ ಉಳಿದಿರುತ್ತಾನೆ, ಮರಳಿ ಬಂದವನು ಏಳನೆಯವನಾಗುತ್ತಾನೆ. ಸ್ವಲ್ಪ ಕಾದು ಬಂದರೆ ಮುಗಿಯಿತು. ಕಾದ ಮೇಲೂ ಅದೇ ಸಂದೇಶ ಬಂದರೆ ಸರ್ವರ್ ನಿಜವಾಗಿಯೂ ತುಂಬಿದೆ.

ಈ ಸಂದೇಶದಲ್ಲಿ ನನಗೆ ತುಂಬ ಇಷ್ಟವಾದ ವಿಚಾರ ಇನ್ನೊಂದಿದೆ. ಮೈನ್‌ಕ್ರಾಫ್ಟ್ ಸರ್ವರ್ ಮೊದಲು ಬಂದವನು ಯಾರೆಂದು ದೃಢಪಡಿಸಿಕೊಳ್ಳುತ್ತದೆ, ಆಮೇಲೆ ಅವನನ್ನು ನಿಷೇಧಿಸಲಾಗಿದೆಯೇ, ಅನುಮತಿ ಪಟ್ಟಿ ಇದ್ದರೆ ಅದರಲ್ಲಿ ಹೆಸರಿದೆಯೇ ಎಂದು ನೋಡುತ್ತದೆ. ಜಾಗ ಇದೆಯೇ ಎಂಬುದು ಕೊನೆಯ ಪ್ರಶ್ನೆ. ಹಾಗಾಗಿ ಫುಲ್ ಎಂದು ಓದಿದವನು ದಾರಿ, ಪೋರ್ಟ್, ಖಾತೆ, ಪಟ್ಟಿ ಎಲ್ಲವನ್ನೂ ದಾಟಿ ಬಂದಿದ್ದಾನೆ. ಅವನು ರೂಟರನ್ನು ಆರಿಸಿ ಹಾಕುವುದರಲ್ಲಿ ಅರ್ಥವೇ ಇಲ್ಲ.

ದೃಢೀಕರಣ ಸೋತಾಗ ಬರುವ ಸಂದೇಶಗಳಲ್ಲಿ ಮೂರನೆಯವರೊಬ್ಬರು ಸೇರಿಕೊಳ್ಳುತ್ತಾರೆ. ಆಟಗಾರನ ಪಾಸ್‌ವರ್ಡ್ ಬಿಜೈಯ ಡೆಸ್ಕ್‌ಟಾಪ್‌ಗೆ ಹೋಗುವುದೇ ಇಲ್ಲ. ಅವನ ಕಂಪ್ಯೂಟರ್ ಆಟದ ಕಂಪನಿಯ ಸರ್ವರ್‌ಗೆ "ನಾನು ಇಂಥ ಕಡೆ ಸೇರುತ್ತಿದ್ದೇನೆ" ಎಂದು ತಿಳಿಸುತ್ತದೆ. ಬಿಜೈಯ ಸರ್ವರ್ ಅದೇ ಕಂಪನಿಯನ್ನು "ಇವನು ನಿಜಕ್ಕೂ ಹಾಗೆ ಹೇಳಿದ್ದಾನೆಯೇ" ಎಂದು ಕೇಳುತ್ತದೆ. ಮೊದಲ ಮಾತು ಕೆಟ್ಟರೆ ಆಟಗಾರನ ಪರದೆಯಲ್ಲಿ `Invalid session` ಎಂದು ಬರುತ್ತದೆ. ಅವನ ಲಾಗಿನ್ ಹಳತಾಗಿದೆ, ಆಟವನ್ನೂ ಲಾಂಚರನ್ನೂ ಮುಚ್ಚಿ ತೆರೆದರೆ ಹೆಚ್ಚಾಗಿ ಸರಿಹೋಗುತ್ತದೆ. ಕಂಪನಿ "ಹಾಗೆ ಯಾರೂ ಹೇಳಿಲ್ಲ" ಎಂದರೆ `Failed to verify username!` ಬರುತ್ತದೆ. ಸರ್ವರ್‌ಗೆ ಕಂಪನಿಯನ್ನು ಮುಟ್ಟಲಿಕ್ಕೇ ಆಗದಿದ್ದರೆ, ದೃಢೀಕರಣ ಸರ್ವರ್‌ಗಳು ಕೆಲಸ ಮಾಡುತ್ತಿಲ್ಲ ಎಂಬರ್ಥದ ಸಂದೇಶ ಹೋಗುತ್ತದೆ. ಒಬ್ಬನಿಗೆ ಮಾತ್ರ ಬಂದರೆ ಅವನ ಕಡೆ ನೋಡಬೇಕು, ಎಲ್ಲರಿಗೂ ಬಂದರೆ ಸರ್ವರ್‌ನ ಕಡೆ ಅಥವಾ ಕಂಪನಿಯ ಕಡೆ.

ಬಿಜೈಯಲ್ಲಿ ಕೊನೆಯ ತೊಂದರೆ ಈ ಎಲ್ಲರಿಗೂ ಬರುವ ಬಗೆಯದು. ಮೇ ಕೊನೆಯ ಗುಡುಗು ಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ಯಾರಿಗೂ ಒಳಗೆ ಬರಲಾಗಲಿಲ್ಲ, ದೃಢೀಕರಣ ಸರ್ವರ್‌ಗಳು ಕೆಟ್ಟಿವೆ ಎಂದೇ ಎಲ್ಲರ ಪರದೆ ಹೇಳುತ್ತಿತ್ತು. ಆದರೆ ಅದೇ ಖಾತೆಗಳಿಂದ ಅವರು ಬೇರೆ ಸರ್ವರ್‌ಗಳಿಗೆ ಹೋಗಬಲ್ಲವರಾಗಿದ್ದರು. ಕಂಪನಿಯ ಕಡೆ ಕೆಟ್ಟಿದ್ದರೆ ಅದೂ ಆಗುತ್ತಿರಲಿಲ್ಲ. ಕಾರಣ ಡೆಸ್ಕ್‌ಟಾಪ್ ಪರದೆಯ ಮೂಲೆಯಲ್ಲಿತ್ತು: ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿತ್ತು. ಸುರಕ್ಷಿತ ಸಂಪರ್ಕಕ್ಕೆ ಕಂಪನಿಯ ಸರ್ವರ್ ತೋರಿಸುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿರುತ್ತದೆ. ಹಳೆಯ ದಿನಾಂಕದಲ್ಲಿ ಕೂತ ಯಂತ್ರಕ್ಕೆ ಅದು ಇನ್ನೂ ಜಾರಿಗೆ ಬರದ ಪತ್ರವಾಗಿ ಕಂಡು, ಸಂಪರ್ಕವನ್ನು ತಾನೇ ಮುರಿದುಕೊಳ್ಳುತ್ತದೆ.

ದಿನಾಂಕ ತಿದ್ದಿದ ಕೂಡಲೇ ಆರೂ ಜನ ಒಳಗೆ ಬಂದರು. ಆದರೆ ವಿದ್ಯುತ್ತಿಲ್ಲದಾಗ ಗಡಿಯಾರ ನಡೆಸುವುದು ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಬ್ಯಾಟರಿ, ಅದು ಸತ್ತಿದ್ದರೆ ಮುಂದಿನ ಸಲ ಕರೆಂಟ್ ಹೋದಾಗ ದಿನಾಂಕ ಮತ್ತೆ ಹಿಂದೆ ಸರಿಯುತ್ತದೆ. ವರ್ಷಗಳಷ್ಟು ಅಂತರವನ್ನು ವಿಂಡೋಸ್ ತಾನಾಗಿ ಸರಿಪಡಿಸದೆ ಇರಬಹುದು. ಅಂಗಡಿಯಲ್ಲಿ CR2032 ಎಂದು ಕೇಳಿದರೆ ಆ ಬ್ಯಾಟರಿ ಸಿಗುತ್ತದೆ. ಪ್ಲಗ್ ತೆಗೆದು, ಹಳೆಯದನ್ನು ಎಬ್ಬಿಸಿ, ಪ್ಲಸ್ ಗುರುತು ಮೇಲೆ ಬರುವಂತೆ ಹೊಸದನ್ನು ಕೂರಿಸಿ, ಬಯೋಸ್‌ನಲ್ಲಿ ದಿನಾಂಕ ಬರೆದು ಉಳಿಸಬೇಕು.