ಟೆರೇಸ್ ಮೇಲಿನ ಸೋಲಾರ್: ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್?

ಸೋಲಾರ್ ಮಾರುವವರ ಹತ್ತಿರ ಹೋಗಿ "ಹಾಕಿದ ದುಡ್ಡು ಯಾವಾಗ ವಾಪಸ್ ಬರುತ್ತೆ?" ಎಂದು ಕೇಳಿ. "ಮೂರು, ಮೂರೂವರೆ ವರ್ಷ ಸರ್" ಎಂಬ ಉತ್ತರ ಥಟ್ಟನೆ ಬರುತ್ತದೆ. ಲೆಕ್ಕವೂ ಸುಲಭವಾಗಿಯೇ ಕಾಣುತ್ತದೆ. ಕೈಯಿಂದ ಹೋದ ದುಡ್ಡನ್ನು ವರ್ಷದ ಉಳಿತಾಯದಿಂದ ಭಾಗಿಸಿದರೆ ಮುಗಿಯಿತು. ಇದಕ್ಕೆ ಪೇಬ್ಯಾಕ್ ಅವಧಿ ಎನ್ನುತ್ತಾರೆ.

ಪೇಬ್ಯಾಕ್ ಅವಧಿ = (ಒಟ್ಟು ಖರ್ಚು − ಸಬ್ಸಿಡಿ) ÷ (ವರ್ಷದ ಉಳಿತಾಯ − ವರ್ಷದ ನಿರ್ವಹಣೆ ಖರ್ಚು)

ಭಾಗಾಕಾರದಲ್ಲಿ ಕಷ್ಟವೇನೂ ಇಲ್ಲ. ಎಡವುವುದು "ವರ್ಷದ ಉಳಿತಾಯ" ಎಂಬ ಜಾಗದಲ್ಲಿ ಯಾವ ಅಂಕಿ ಹಾಕಬೇಕು ಎಂಬಲ್ಲಿ. ಅದಕ್ಕೆ ಒಂದು ಮನೆಯನ್ನು ತೆಗೆದುಕೊಂಡು ಕೊನೆಯವರೆಗೆ ಲೆಕ್ಕ ಹಾಕೋಣ. ದಾವಣಗೆರೆಯಲ್ಲಿ ಒಂದು ಸ್ವಂತ ಮನೆ ಎಂದುಕೊಳ್ಳಿ. ತಿಂಗಳಿಗೆ ಸರಾಸರಿ 320 ಯೂನಿಟ್ ಬಳಕೆ, ಮಂಜೂರಾದ ಲೋಡ್ 4 ಕಿಲೋವ್ಯಾಟ್. ಹಾಕಿಸಬೇಕೆಂದಿರುವುದು 3 ಕಿಲೋವ್ಯಾಟ್ ಸೋಲಾರ್. ಮನೆಯ ಬಳಕೆ, ಪ್ಯಾನೆಲ್ ಬೆಲೆ, ಉತ್ಪಾದನೆ ಇವೆಲ್ಲ ಉದಾಹರಣೆಗೆ ಹಿಡಿದ ಅಂಕಿಗಳು. ಅವುಗಳ ಜಾಗದಲ್ಲಿ ನಿಮ್ಮ ಮನೆಯ ಅಂಕಿ ಹಾಕಿಕೊಳ್ಳಿ.

ಮೊದಲು ಖರ್ಚು. ಕೊಟೇಶನ್ ಕೇಳುವಾಗ "ಎಲ್ಲ ಸೇರಿ ಎಷ್ಟು" ಎಂದೇ ಕೇಳಬೇಕು. ಪ್ಯಾನೆಲ್ ಮತ್ತು ಇನ್ವರ್ಟರ್ ಬೆಲೆಯನ್ನಷ್ಟೇ ಹೇಳಿ, ಎತ್ತರದ ಸ್ಟ್ರಕ್ಚರ್, ಅರ್ಥಿಂಗ್, ಕೇಬಲ್, ಮೀಟರ್ ಶುಲ್ಕ ಎಂದು ಆಮೇಲೆ ಒಂದೊಂದೇ ಸೇರಿಸುವವರಿದ್ದಾರೆ. ಟೆರೇಸ್ ಮೇಲೆ ಬಟ್ಟೆ ಒಣಗಿಸಲು, ಓಡಾಡಲು ಜಾಗ ಬೇಕು ಅಂತ ಸ್ಟ್ರಕ್ಚರ್ ಎತ್ತರಿಸಿದರೆ ಕಬ್ಬಿಣದ ಖರ್ಚೇ ಸಾಕಷ್ಟು ಏರುತ್ತದೆ. ನಮ್ಮ ಉದಾಹರಣೆಗೆ ಎಲ್ಲ ಸೇರಿ 1,90,000 ರೂಪಾಯಿ ಎಂದು ಹಿಡಿಯೋಣ.

ಸಬ್ಸಿಡಿಗೆ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ ಇದೆ. 2024ರ ಫೆಬ್ರುವರಿಯಲ್ಲಿ ಶುರುವಾದದ್ದು. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಒಟ್ಟು 78,000. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ, ಒಂದು ರೂಪಾಯಿಯೂ ಜಾಸ್ತಿ ಬರುವುದಿಲ್ಲ. ಈ ಮಿತಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಪ್ಯಾನೆಲ್‌ನ ಸೆಲ್‌ಗಳು ಭಾರತದಲ್ಲೇ ತಯಾರಾಗಿರಬೇಕು ಎಂಬ ಷರತ್ತಿದೆ. ಕೊಟೇಶನ್‌ನಲ್ಲಿ ಡಿಸಿಆರ್ ಎಂದು ಬರೆದಿರುವುದು ಇದನ್ನೇ. ಡಿಸಿಆರ್ ಇಲ್ಲದ ಪ್ಯಾನೆಲ್ ಅಗ್ಗ, ಆದರೆ ಸಬ್ಸಿಡಿ ಸಿಗದು. ಹಾಗಾಗಿ ಅಗ್ಗದ ಪ್ಯಾನೆಲ್‌ನ ಬೆಲೆಯಿಂದ 78,000 ಕಳೆದು ತೋರಿಸುವ ಲೆಕ್ಕವನ್ನು ನಂಬಬೇಡಿ.

ಸಬ್ಸಿಡಿ ನಿಮ್ಮ ಬ್ಯಾಂಕ್ ಖಾತೆಗೆ ಬರುವುದು ಎಲ್ಲ ಮುಗಿದು, ಮನೆಗೆ ಬಂದ ವಿದ್ಯುತ್ತನ್ನೂ ಲೈನ್‌ಗೆ ಹೋದ ವಿದ್ಯುತ್ತನ್ನೂ ಅಳೆಯುವ ನೆಟ್ ಮೀಟರ್ ಕೂತು, ಚಾಲನೆ ಆದ ಮೇಲೆ. ಅಂದರೆ ಮೊದಲು ಪೂರ್ತಿ 1,90,000 ಹೊಂದಿಸಬೇಕು. ಸಬ್ಸಿಡಿ ಬಂದ ನಂತರ ಕೈಯಿಂದ ಹೋದದ್ದು 1,12,000 ರೂಪಾಯಿ.

ಈಗ ಉಳಿತಾಯ. ಈ ಮನೆಯ ಬಿಲ್ಲಿನಲ್ಲಿ ಎರಡು ಮುಖ್ಯ ಭಾಗಗಳಿವೆ. 2025-26ರ ದರದಲ್ಲಿ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 145 ರೂಪಾಯಿ, 4 ಕಿಲೋವ್ಯಾಟ್‌ಗೆ 580. ಯೂನಿಟ್ ಲೆಕ್ಕದ್ದು ಬೇರೆ: ವಿದ್ಯುತ್ ಶುಲ್ಕ 5 ರೂಪಾಯಿ 80 ಪೈಸೆ, ಅದರ ಮೇಲೆ ಶೇ 9 ತೆರಿಗೆ, ಜೊತೆಗೆ 36 ಪೈಸೆ ಪಿಂಚಣಿ ಸರ್‌ಚಾರ್ಜ್. ಕೂಡಿದರೆ ಆರೂವರೆ ರೂಪಾಯಿಗಿಂತ ಸ್ವಲ್ಪ ಮೇಲೆ. ಕೈ ಬಿಗಿ ಹಿಡಿದು 6.50 ಎಂದೇ ಇಟ್ಟುಕೊಳ್ಳೋಣ. 320 ಯೂನಿಟ್‌ಗೆ 2,080, ನಿಗದಿತ ಶುಲ್ಕ ಸೇರಿ ತಿಂಗಳ ಬಿಲ್ 2,660.

ಮಾರುವವರು ಮಾಡುವುದೇನು ಗೊತ್ತಾ? 2,660ನ್ನು 12ರಿಂದ ಗುಣಿಸಿ 31,920 ರೂಪಾಯಿ ಉಳಿತಾಯ ಅನ್ನುತ್ತಾರೆ. 1,12,000ನ್ನು ಅದರಿಂದ ಭಾಗಿಸಿದರೆ ಮೂರೂವರೆ ವರ್ಷ. ಆ ಥಟ್ಟನೆ ಉತ್ತರ ಹುಟ್ಟುವುದು ಇಲ್ಲಿ. ಆದರೆ ನಿಗದಿತ ಶುಲ್ಕ ಮಂಜೂರಾದ ಲೋಡ್ ಮೇಲೆ ಬೀಳುವಂಥದ್ದು. ಟೆರೇಸ್ ತುಂಬ ಪ್ಯಾನೆಲ್ ಹಾಕಿದರೂ ಆ 580 ಕಟ್ಟಲೇಬೇಕು. ಸೋಲಾರ್ ಉಳಿಸುವುದು ಯೂನಿಟ್‌ನ ದುಡ್ಡನ್ನು ಮಾತ್ರ.

ಇಲ್ಲಿ ಇನ್ನೊಂದು ಮಾತು. ದರ ವರ್ಷಾ ವರ್ಷ ಶೇ 5 ಏರುತ್ತೆ, ಹಾಗಾಗಿ ಉಳಿತಾಯವೂ ಏರುತ್ತೆ ಎಂದು ಕೆಲವು ಎಕ್ಸೆಲ್ ಶೀಟುಗಳಲ್ಲಿ ತೋರಿಸುತ್ತಾರೆ. ಕರ್ನಾಟಕದಲ್ಲಿ ಆದದ್ದು ನೋಡಿ. 2024-25ರಲ್ಲಿ ಮನೆ ಬಳಕೆಯ ವಿದ್ಯುತ್ ಶುಲ್ಕ ಯೂನಿಟ್‌ಗೆ 5.90 ಇತ್ತು, ಮರುವರ್ಷ 5.80 ಆಯಿತು. ನಿಗದಿತ ಶುಲ್ಕ ಮಾತ್ರ 120ರಿಂದ 145ಕ್ಕೆ ಹೋಯಿತು. ಸರ್‌ಚಾರ್ಜ್ ಸೇರಿಸಿದರೆ ಬಿಲ್ ಏರಿದ್ದು ನಿಜ. ಆದರೆ ಏರಿಕೆಯ ಒಂದು ಪಾಲು ಸೋಲಾರ್ ಮುಟ್ಟಲಾಗದ ಜಾಗದಲ್ಲಿ ಕೂತಿದೆ. ಅದಕ್ಕೇ ನಾನು ಇವತ್ತಿನ ದರವೇ ಮುಂದೆಯೂ ಇರುತ್ತದೆ ಎಂದು ಲೆಕ್ಕ ಹಾಕುತ್ತೇನೆ. ದರ ಏರಿದರೆ ಲಾಭ, ಏರದಿದ್ದರೆ ಮೋಸವಿಲ್ಲ.

ಇನ್ನು ಯೂನಿಟ್. 1 ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಎಂಬ ಮಾತು ನಮ್ಮ ಕಡೆ ಚಾಲ್ತಿಯಲ್ಲಿದೆ. ಬಿಸಿಲಿನ ದಿನಕ್ಕೆ ಅದು ಸರಿ. ಮಳೆಗಾಲ, ಧೂಳು ಲೆಕ್ಕಕ್ಕೆ ತಗೊಂಡರೆ ವರ್ಷದ ಸರಾಸರಿ ಇಳಿಯುತ್ತದೆ. ಕರೆಂಟ್ ಹೋದಾಗಲೂ ಉತ್ಪಾದನೆ ನಿಲ್ಲುತ್ತದೆ, ಯಾಕೆಂದರೆ ಬ್ಯಾಟರಿ ಇಲ್ಲದ ಈ ಇನ್ವರ್ಟರ್‌ಗಳು ಲೈನ್‌ನಲ್ಲಿ ವಿದ್ಯುತ್ ಇಲ್ಲದಾಗ ಸುರಕ್ಷತೆಗಾಗಿ ತಾವೂ ನಿಂತುಬಿಡುತ್ತವೆ. ಸುಮ್ನೆ ವರ್ಷದ ಒಟ್ಟು ಹಿಡಿಯುವ ಬದಲು ಕಾಲಕಾಲಕ್ಕೆ ಬಿಡಿಸಿ ನೋಡೋಣ.

ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ 390 ಯೂನಿಟ್ ಉತ್ಪಾದನೆ, ಫ್ಯಾನು ಕೂಲರ್ ಇರುವುದರಿಂದ 350 ಬಳಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 270 ಉತ್ಪಾದನೆ, 300 ಬಳಕೆ. ಅಕ್ಟೋಬರ್‌ನಿಂದ ಜನವರಿವರೆಗೆ 330 ಉತ್ಪಾದನೆ, 310 ಬಳಕೆ. ಲೆಕ್ಕ ತಿಂಗಳು ತಿಂಗಳು ಚುಕ್ತಾ ಆಗುತ್ತದೆ ಎಂದುಕೊಂಡರೆ, ಬಳಕೆಗೆ ವಜಾ ಆದ ಯೂನಿಟ್ ವರ್ಷಕ್ಕೆ 1,400 + 1,080 + 1,240, ಒಟ್ಟು 3,720. ಮಿಕ್ಕಿದ್ದು 160 + 80, ಒಟ್ಟು 240 ಯೂನಿಟ್.

ಈ ಎರಡು ಯೂನಿಟ್‌ಗಳ ಬೆಲೆ ಒಂದೇ ಅಲ್ಲ. ಬಳಕೆಗೆ ವಜಾ ಆದ ಪ್ರತಿ ಯೂನಿಟ್ ನಿಮಗೆ 6.50 ಉಳಿಸುತ್ತದೆ. ಮಿಕ್ಕಿ ಹೋದದ್ದಕ್ಕೆ ಎಸ್ಕಾಂ ಕೊಡುವ ದರ ಅದಕ್ಕಿಂತ ತೀರಾ ಕಡಿಮೆ, ಸಬ್ಸಿಡಿ ಪಡೆದವರಿಗಂತೂ ಇನ್ನೂ ಕಡಿಮೆ. ನಿಮ್ಮ ಒಪ್ಪಂದದಲ್ಲಿ ಬರೆದಿರುವ ದರವನ್ನೇ ಹಾಕಿ. ಇಲ್ಲಿ 2.50 ಎಂದಿಟ್ಟುಕೊಳ್ಳೋಣ. 3,720ಕ್ಕೆ 24,180 ರೂಪಾಯಿ, 240ಕ್ಕೆ 600. ಒಟ್ಟು 24,780. ಪ್ಯಾನೆಲ್ ತೊಳೆಯುವುದು, ಸಣ್ಣಪುಟ್ಟ ರಿಪೇರಿ ಎಂದು 1,500 ಕಳೆದರೆ 23,280.

1,12,000 ÷ 23,280 = 4.8 ವರ್ಷ.

ಸಬ್ಸಿಡಿ ಇಲ್ಲದಿದ್ದರೆ ಇದೇ 8.2 ವರ್ಷ ಆಗುತ್ತಿತ್ತು.

ಒಂದು ವೇಳೆ ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದ್ದರೆ ಈ ಲೆಕ್ಕವೇ ನಿಲ್ಲುವುದಿಲ್ಲ. ಬಳಕೆ 200 ಯೂನಿಟ್ ಒಳಗಿದ್ದು, ನಿಮಗೆ ಗೊತ್ತು ಮಾಡಿದ ಸರಾಸರಿಯನ್ನೂ ದಾಟದಿದ್ದರೆ ಕಟ್ಟುವ ಬಿಲ್ಲೇ ಇಲ್ಲ. ಇಲ್ಲದ ಬಿಲ್ಲಿನಲ್ಲಿ ಉಳಿಸುವುದೇನು? ಭಾಜಕ ಸೊನ್ನೆಗೆ ಹತ್ತಿರ ಬಂದರೆ ಪೇಬ್ಯಾಕ್ ಅವಧಿ ಎಲ್ಲಿಗೋ ಹೋಗುತ್ತದೆ. ನಮ್ಮ ಉದಾಹರಣೆಯ ಮನೆ 320 ಯೂನಿಟ್ ಬಳಸಿ ಪೂರ್ತಿ ಬಿಲ್ ಕಟ್ಟುತ್ತಿರುವುದರಿಂದಲೇ 4.8 ಬಂದದ್ದು.

ಈ 4.8ರಲ್ಲಿ ಬಡ್ಡಿ ಇಲ್ಲ. ಸಾಲ ಮಾಡಿದ್ದರೂ, ಎಫ್‌ಡಿ ಮುರಿದಿದ್ದರೂ ಬಡ್ಡಿಯನ್ನು ಎಣಿಸಲೇಬೇಕು. ಶೇ 6 ಹಿಡಿಯೋಣ. ಬಾಕಿಗೆ ಬಡ್ಡಿ ಸೇರಿಸಿ, ವರ್ಷದ ಉಳಿತಾಯ ಕಳೆಯುತ್ತಾ ಹೋದರೆ ಆಯಿತು. ಮೊದಲ ವರ್ಷ 1,12,000ಕ್ಕೆ ಬಡ್ಡಿ 6,720, ಎರಡನ್ನೂ ಕೂಡಿಸಿ 23,280 ಕಳೆದರೆ ಬಾಕಿ 95,440. ಹೀಗೇ ಮುಂದುವರಿಸಿದರೆ ಎರಡನೇ ವರ್ಷದ ಕೊನೆಗೆ ಸುಮಾರು 77,900, ಮೂರಕ್ಕೆ 59,300, ನಾಲ್ಕಕ್ಕೆ 39,600, ಐದಕ್ಕೆ 18,600. ಆರನೇ ವರ್ಷದ ಹತ್ತನೇ ತಿಂಗಳ ಹೊತ್ತಿಗೆ ಚುಕ್ತಾ. ಅಂದರೆ 5.8 ವರ್ಷ. ಇಬ್ಬರ ಲೆಕ್ಕ ಹೋಲಿಸುವಾಗ ಒಬ್ಬರು ಬಡ್ಡಿ ಸೇರಿಸಿ, ಇನ್ನೊಬ್ಬರು ಬಿಟ್ಟಿದ್ದಾರಾ ಎಂದು ಮೊದಲು ನೋಡಿ.

ಪ್ಯಾನೆಲ್ ವರ್ಷಕ್ಕೆ ಶೇಕಡಾ ಅರ್ಧದಷ್ಟೋ ಸ್ವಲ್ಪ ಜಾಸ್ತಿಯೋ ಸವೆಯುತ್ತದೆ. ಐದಾರು ವರ್ಷದ ಲೆಕ್ಕಕ್ಕೆ ಅದು ದೊಡ್ಡದಲ್ಲ. ಇನ್ವರ್ಟರ್ ಹತ್ತು ಹನ್ನೆರಡು ವರ್ಷಕ್ಕೆ ಬದಲಿಸಬೇಕಾಗಬಹುದು. ಅದು ಪೇಬ್ಯಾಕ್ ಮುಗಿದ ಮೇಲಿನ ಖರ್ಚು, ಆದ್ದರಿಂದ ಇಲ್ಲಿ ಸೇರಿಸಿಲ್ಲ.

"ಹೇಗಿದ್ದರೂ ಹಾಕಿಸ್ತಿದ್ದೀರಿ, 5 ಕಿಲೋವ್ಯಾಟೇ ಹಾಕಿಸಿ" ಎಂಬ ಸಲಹೆ ಬರುತ್ತದಲ್ವಾ? ಆಗ ಇಡೀ 5 ಕಿಲೋವ್ಯಾಟ್‌ನ ಸರಾಸರಿ ನೋಡಬೇಡಿ, ಹೆಚ್ಚುವರಿ 2 ಕಿಲೋವ್ಯಾಟ್‌ನದ್ದನ್ನು ಮಾತ್ರ ಬೇರೆ ತೆಗೆದು ನೋಡಿ. ಅದಕ್ಕೆ ಇನ್ನೊಂದು ಲಕ್ಷ ಖರ್ಚು ಎಂದುಕೊಳ್ಳಿ. 78,000ದ ಮಿತಿ ಆಗಲೇ ಮುಗಿದಿರುವುದರಿಂದ ಸಬ್ಸಿಡಿ ಸೊನ್ನೆ. ಉತ್ಪಾದನೆ ವರ್ಷಕ್ಕೆ 2,640 ಯೂನಿಟ್. ಅದರಲ್ಲಿ ಮಳೆಗಾಲದ ಕೊರತೆ ತುಂಬುವ 120 ಯೂನಿಟ್‌ಗೆ ಮಾತ್ರ 6.50, ಉಳಿದ 2,520 ಯೂನಿಟ್‌ಗೆ 2.50. ಎರಡೂ ಸೇರಿ 7,080 ರೂಪಾಯಿ. ಒಂದು ಲಕ್ಷ ವಾಪಸ್ ಬರಲು 14 ವರ್ಷ! ಮುಂದಿನ ವರ್ಷ ಎಸಿಯೋ ವಿದ್ಯುತ್ ಸ್ಕೂಟರೋ ಬರುವುದು ಖಚಿತವಿದ್ದರೆ ಮಾತು ಬೇರೆ, ಆಗ ಆ ಯೂನಿಟ್‌ಗಳ ಬೆಲೆಯೂ 6.50 ಆಗುತ್ತದೆ.

ಹಾಕಿಸಿದ ಮೇಲೆ ಲೆಕ್ಕ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಬಿಲ್ ಒಂದೇ ಸಾಲದು. ಬಿಲ್ಲಿನ "ಎಕ್ಸ್‌ಪೋರ್ಟ್" ಅಂಕಿಯನ್ನೇ ಒಟ್ಟು ಉತ್ಪಾದನೆ ಎಂದು ತಿಳಿದು ಗಾಬರಿಯಾಗುವವರು ಬಹಳ. ಹಗಲು ಮನೆಯೊಳಗೇ ಬಳಕೆಯಾದ ವಿದ್ಯುತ್ತು ನೆಟ್ ಮೀಟರ್ ದಾಟುವುದೇ ಇಲ್ಲ. ನವೆಂಬರ್‌ನಲ್ಲಿ ಇನ್ವರ್ಟರ್ ಆ್ಯಪ್ 330 ಉತ್ಪಾದನೆ ತೋರಿಸಿತು, ಬಿಲ್ಲಿನಲ್ಲಿ ಎಕ್ಸ್‌ಪೋರ್ಟ್ 210, ಇಂಪೋರ್ಟ್ 190 ಇತ್ತು ಎನ್ನಿ. ನೇರವಾಗಿ ಬಳಸಿದ್ದು 330 − 210 = 120. ಒಟ್ಟು ಬಳಕೆ 120 + 190 = 310. ಎಲ್ಲ ಸರಿಯಾಗಿದೆ.

ಆ್ಯಪ್‌ನ ಅಂಕಿಯೇ ಕಡಿಮೆ ಇದ್ದರೆ ಟೆರೇಸ್ ಹತ್ತಿ. ಬಿಸಿಲಿನ ತಿಂಗಳಲ್ಲಿ ಕಿಲೋವ್ಯಾಟ್‌ಗೆ 100 ಯೂನಿಟ್‌ಗಿಂತ ಕಮ್ಮಿ ಬಂದರೆ ಏನೋ ತೊಂದರೆ ಇದೆ. ಬೆಳಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕು, ಈ ಮೂರು ಹೊತ್ತು ನೀರಿನ ಟ್ಯಾಂಕು ಅಥವಾ ಪಕ್ಕದ ಮನೆಯ ತೆಂಗಿನ ಮರದ ನೆರಳು ಎಲ್ಲಿ ಬೀಳುತ್ತದೆ ನೋಡಿ. ಪ್ಯಾನೆಲ್‌ಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿರುವುದರಿಂದ ಒಂದೆರಡರ ಮೇಲಿನ ನೆರಳು ಇಡೀ ಸಾಲಿನ ಉತ್ಪಾದನೆಯನ್ನು ಎಳೆದು ಇಳಿಸಬಹುದು. ನೆರಳು ಇಲ್ಲದಿದ್ದರೆ ಪ್ಯಾನೆಲ್ ತೊಳೆದು ಒಂದು ವಾರ ಅಂಕಿ ಬರೆದಿಡಿ. ಏರಿದರೆ ಧೂಳು. ಏರದಿದ್ದರೆ, ಆ್ಯಪ್‌ನಲ್ಲಿ ಹಗಲು ಹೊತ್ತು ಇನ್ವರ್ಟರ್ ಎಷ್ಟು ಸಲ ನಿಂತಿದೆ ನೋಡಿ. ಲೈನ್ ವೋಲ್ಟೇಜ್ ಮಿತಿ ಮೀರಿದಾಗಲೂ ಅದು ನಿಲ್ಲುತ್ತದೆ. ನಿಂತ ಸಮಯಗಳನ್ನು ಗುರುತಿಸಿಟ್ಟುಕೊಂಡು ಎಸ್ಕಾಂಗೆ ಬರೆದು ಕೊಡಿ.