ನಾಮಿನಿ ಹೆಸರಿದ್ದರೂ ಹಣ ಕೈಗೆ ಸಿಗದ ದಿನಗಳು

ಹಣಕಾಸಿನ ಸಲಹೆಗೆಂದು ನನ್ನಲ್ಲಿಗೆ ಬರುವ ಗಂಡಂದಿರನ್ನು "ನಾಳೆ ನಿಮಗೆ ಏನಾದರೂ ಆದರೆ ಮನೆಯವರು ಹೇಗೆ ನಿಭಾಯಿಸುತ್ತಾರೆ?" ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. "ಎಲ್ಲದಕ್ಕೂ ಇವಳನ್ನೇ ನಾಮಿನಿ ಮಾಡಿದ್ದೇನೆ, ಸರ್." ಪಕ್ಕದಲ್ಲಿ ಕುಳಿತ ಹೆಂಡತಿಯೂ ತಲೆಯಾಡಿಸುತ್ತಾರೆ. ನಾಮಿನೇಷನ್ ಕೆಲಸಕ್ಕೆ ಬರುವುದು ಖಾತೆದಾರ ತೀರಿಕೊಂಡ ಮೇಲೆ ಎಂಬುದು ಇಬ್ಬರ ಗಮನಕ್ಕೂ ಬಂದಿರುವುದಿಲ್ಲ. ಅವರು ಬದುಕಿದ್ದು, ಮಾತು ನಿಂತು, ಕೈ ಏಳದೆ ಮಲಗಿದರೆ, ನಾಮಿನಿಗೆ ಆ ಖಾತೆಯ ಒಂದು ರೂಪಾಯಿಯನ್ನು ಮುಟ್ಟುವ ಹಕ್ಕೂ ಇರುವುದಿಲ್ಲ.

ಒಂದು ಪ್ರಕರಣ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಮೈಸೂರಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದವರು, ವಯಸ್ಸು 52. ಮ್ಯೂಚುವಲ್ ಫಂಡ್‌ನಲ್ಲಿ 38 ಲಕ್ಷ, ಠೇವಣಿಯಲ್ಲಿ 12 ಲಕ್ಷ, ಸಂಬಳದ ಖಾತೆಯಲ್ಲಿ 3 ಲಕ್ಷ. ಎಲ್ಲವೂ ಅವರೊಬ್ಬರ ಹೆಸರಿನಲ್ಲಿ, ಎಲ್ಲದಕ್ಕೂ ಹೆಂಡತಿ ನಾಮಿನಿ. ಹೆಂಡತಿಯ ಸ್ವಂತ ಖಾತೆಯಲ್ಲಿದ್ದದ್ದು 22 ಸಾವಿರ. ಪಾರ್ಶ್ವವಾಯು ಬಡಿದು ಅವರು ಮೂರು ವಾರ ಪ್ರಜ್ಞೆಯಿಲ್ಲದೆ ಮಲಗಿದರು. ವಿಮೆ ಕಂಪನಿ ಕೊಟ್ಟಿದ್ದು ಬಿಲ್ಲಿನ ಒಂದು ಭಾಗ. ಉಳಿದದ್ದಕ್ಕೆ ಆಕೆ ಬಳೆ ಅಡವಿಟ್ಟು, ತಮ್ಮನ ಹತ್ತಿರ ಸಾಲ ಮಾಡಿದರು. ಅರ್ಧ ಕೋಟಿಗೂ ಮೀರಿದ ಉಳಿತಾಯವಿದ್ದ ಮನೆ ಅದು.

ಪವರ್ ಆಫ್ ಅಟಾರ್ನಿ ಮಾಡಿಸಬಹುದಿತ್ತಲ್ಲ ಎನ್ನುತ್ತೀರಿ. ಪ್ರಜ್ಞೆಯಿಲ್ಲದವರು ಅದನ್ನು ಬರೆದುಕೊಡಲಾಗದು. ಮೊದಲೇ ಬರೆದುಕೊಟ್ಟಿದ್ದರೂ ನಮ್ಮ ಒಪ್ಪಂದ ಕಾಯಿದೆಯ 201ನೇ ಕಲಮಿನ ಪ್ರಕಾರ ಬರೆದುಕೊಟ್ಟವರು ಬುದ್ಧಿಸ್ವಾಧೀನ ಕಳೆದುಕೊಂಡರೆ ಅಧಿಕಾರ ಮುಗಿಯುತ್ತದೆ. ಬೇಕಾದ ಹೊತ್ತಿಗೇ ಇಲ್ಲವಾಗುವ ಪತ್ರ ಅದು. ಕೋಮಾದಲ್ಲಿರುವವರ ಪರವಾಗಿ ಸಹಿ ಹಾಕಲು ಹೈಕೋರ್ಟಿಗೆ ಹೋಗಿ ಪಾಲಕರಾಗಿ ನೇಮಕಗೊಳ್ಳುವ ದಾರಿಯಿದೆ. ಆದರೆ ಆಸ್ಪತ್ರೆಯ ಮುಂಗಡ ಅಲ್ಲಿಯವರೆಗೆ ಕಾಯುವುದಿಲ್ಲ.

ಪ್ರಜ್ಞೆ ಮರಳಿದ ಮೇಲೆ ದಾರಿ ಸ್ವಲ್ಪ ಸಲೀಸಾಯಿತು. ಸಹಿ ಹಾಕಲಾಗದಿದ್ದರೂ ಹೆಬ್ಬೆಟ್ಟು ಒತ್ತಬಲ್ಲ ರೋಗಿಯಿಂದ, ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳ ಎದುರು, ಹಣ ತೆಗೆಯುವ ಚೀಟಿಗೆ ಗುರುತು ಹಾಕಿಸಿಕೊಳ್ಳಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಶಾಖೆಯಲ್ಲಿ ಇದನ್ನು ಕೇಳಿ ಪಡೆಯಬೇಕಾಗುತ್ತದೆ, ತಾವಾಗಿಯೇ ಹೇಳುವವರು ಕಡಿಮೆ.

ಹಾಗಾದರೆ ಆರೋಗ್ಯ ಚೆನ್ನಾಗಿರುವಾಗಲೇ ಮಾಡಬೇಕಾದದ್ದೇನು? ಎಲ್ಲಕ್ಕಿಂತ ಮೊದಲು ಸಂಬಳ ಬೀಳುವ ಖಾತೆಗೆ ಹೆಂಡತಿಯ ಹೆಸರನ್ನು ಸೇರಿಸಿ, "ಐದರ್ ಆರ್ ಸರ್ವೈವರ್" ಎಂದು ಬರೆಸಿ. ಇಬ್ಬರಲ್ಲಿ ಯಾರ ಸಹಿಯಾದರೂ ನಡೆಯುತ್ತದೆ. "ಫಾರ್ಮರ್ ಆರ್ ಸರ್ವೈವರ್" ಎಂದು ಬರೆಸಿದರೆ ಮೊದಲ ಹೆಸರಿನವರು ಇರುವಷ್ಟು ದಿನ ಎರಡನೆಯವರ ಸಹಿಗೆ ಬೆಲೆಯಿಲ್ಲ, ಅದು ಬೇಡ. ಈ ಖಾತೆ ಮೊದಲಾಗಬೇಕಾದ ಕಾರಣ ಸರಳ. ಮ್ಯೂಚುವಲ್ ಫಂಡ್ ಮಾರಿದಾಗ ಹಣ ಹೋಗುವುದು ಫೋಲಿಯೊದಲ್ಲಿ, ಅಂದರೆ ಫಂಡ್ ಕಂಪನಿಯಲ್ಲಿರುವ ನಿಮ್ಮ ಖಾತೆಯಲ್ಲಿ, ನೋಂದಾಯಿಸಿದ ಬ್ಯಾಂಕ್ ಖಾತೆಗೆ ಮಾತ್ರ. ಆ ಖಾತೆ ಗಂಡನೊಬ್ಬನದೇ ಆಗಿದ್ದರೆ, ಹೇಗೋ ಮಾರಿದ ಹಣವೂ ಅಲ್ಲಿ ಹೋಗಿ ಕುಳಿತುಕೊಳ್ಳುತ್ತದೆ.

ಠೇವಣಿಯಲ್ಲಿ ಒಂದು ಸೂಕ್ಷ್ಮವಿದೆ. "ಐದರ್ ಆರ್ ಸರ್ವೈವರ್" ಠೇವಣಿಯ ಅವಧಿ ಮುಗಿದಾಗ ಒಬ್ಬರ ಸಹಿ ಸಾಕು. ಅವಧಿಗೆ ಮುನ್ನ ಮುರಿಸಬೇಕಾದರೆ ಇಬ್ಬರೂ ಇರುವಾಗ ಇಬ್ಬರ ಸಹಿಯನ್ನೂ ಬ್ಯಾಂಕು ಕೇಳಬಹುದು. ಹಾಗಾಗಿ 12 ಲಕ್ಷವನ್ನು ಒಂದೇ ಐದು ವರ್ಷದ ಠೇವಣಿಯಲ್ಲಿ ಇಡುವ ಬದಲು ಮೂರು ಮೂರು ತಿಂಗಳಿಗೊಮ್ಮೆ ಮುಗಿಯುವಂತೆ ಒಡೆದಿಡಿ. ತಾನಾಗಿ ನವೀಕರಣವಾಗುವ ಸೌಲಭ್ಯವನ್ನು ಒಂದೆರಡಕ್ಕಾದರೂ ನಿಲ್ಲಿಸಿ. ಇಲ್ಲವಾದರೆ ನೀವು ಆಸ್ಪತ್ರೆಯಲ್ಲಿರುವಾಗಲೇ ಅದು ಇನ್ನೊಂದು ಅವಧಿಗೆ ಬೀಗ ಹಾಕಿಕೊಳ್ಳುತ್ತದೆ.

ಫಂಡಿನ ಹಳೆಯ ಫೋಲಿಯೊಗೆ ಎರಡನೆಯ ಹೆಸರು ಸೇರಿಸಲು ಬಹುಕಾಲ ಬರುತ್ತಿರಲಿಲ್ಲ, ಈಗ ಸಾಧ್ಯವೇ ಎಂದು ಫಂಡ್ ಕಂಪನಿಯಲ್ಲಿ ಕೇಳಿ ನೋಡಿ. ಹೊಸ ಎಸ್‌ಐಪಿಗಳನ್ನು ಇಬ್ಬರ ಹೆಸರಿನ ಹೊಸ ಫೋಲಿಯೊದಲ್ಲಿ ಶುರುಮಾಡಿ, ಅರ್ಜಿಯಲ್ಲಿ "ಎನಿವನ್ ಆರ್ ಸರ್ವೈವರ್" ಚೌಕಕ್ಕೆ ಗುರುತು ಹಾಕಿ. ಬರೀ "ಜಾಯಿಂಟ್" ಎಂದಾದರೆ ಪ್ರತಿ ಸಲ ಇಬ್ಬರ ಸಹಿಯೂ ಬೇಕು. ಆನ್‌ಲೈನ್ ವ್ಯವಹಾರದ ಒಟಿಪಿ ಸಾಮಾನ್ಯವಾಗಿ ಮೊದಲ ಹೆಸರಿನವರ ಮೊಬೈಲಿಗೇ ಹೋಗುವುದರಿಂದ, ಕಾಗದದ ಅರ್ಜಿ ತುಂಬುವುದನ್ನೂ ಕಲಿತಿರಬೇಕು. ಹಳೆಯ ಫೋಲಿಯೊಗಳನ್ನೆಲ್ಲ ಒಮ್ಮೆಗೇ ಮಾರಿ ಹೊಸದಕ್ಕೆ ಹಾಕಿ ಎಂದು ನಾನು ಹೇಳುವುದಿಲ್ಲ. ಲಾಭಕ್ಕೆ ತೆರಿಗೆ ಬೀಳುತ್ತದೆ. ಒಂದು ವರ್ಷದ ಮನೆಖರ್ಚಿನಷ್ಟು ಆಕೆಯ ಸಹಿಗೆ ಸಿಗುವಂತಿದ್ದರೆ ಮೊದಲ ಹಂತಕ್ಕೆ ಸಾಕು. ಪಿಪಿಎಫ್ ಜಂಟಿಯಾಗಿ ತೆರೆಯಲಾಗದು, ಅದನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ.

ಪಿನ್ನು, ಪಾಸ್‌ವರ್ಡುಗಳನ್ನೆಲ್ಲ ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಅಷ್ಟು ಸಾಕು ಎನ್ನುವವರಿದ್ದಾರೆ. ಅದು ಬ್ಯಾಂಕಿನ ನಿಯಮಕ್ಕೆ ವಿರುದ್ಧ. ಅಲ್ಲದೆ ಗಂಡ ತೀರಿಹೋದ ಮೇಲೆ ಅವರ ಎಟಿಎಂ ಕಾರ್ಡಿನಿಂದ ಹಣ ತೆಗೆದರೆ, ಮುಂದೆ ಇತರ ವಾರಸುದಾರರ ಪ್ರಶ್ನೆಗೆ ಆಕೆಯೇ ಉತ್ತರ ಕೊಡಬೇಕಾಗುತ್ತದೆ.

ಹೆಸರು ಸೇರಿಸಿದ ಮಾತ್ರಕ್ಕೆ ವ್ಯವಹಾರ ಗೊತ್ತಾಗುವುದಿಲ್ಲ. ನಾನು ಮಾಡಿಸುವ ಅಭ್ಯಾಸ ಹೀಗಿದೆ. ಹೆಂಡತಿಯ ಪ್ಯಾನ್, ಕೆವೈಸಿ, ಆಕೆಯದೇ ಮೊಬೈಲ್ ಸಂಖ್ಯೆ ಬಳಸಿ ಆಕೆಯ ಹೆಸರಿನಲ್ಲಿ ಒಂದು ಲಿಕ್ವಿಡ್ ಫಂಡ್ ತೆರೆಯಬೇಕು. ಗಂಡ ಕೊಟ್ಟ ಹಣವಾದ್ದರಿಂದ ಅದರ ಆದಾಯ ಗಂಡನ ತೆರಿಗೆ ಲೆಕ್ಕಕ್ಕೇ ಸೇರುತ್ತದೆ, ಮೊತ್ತ ಚಿಕ್ಕದಾದ್ದರಿಂದ ಚಿಂತೆಯಿಲ್ಲ. ಪ್ರತಿ ತಿಂಗಳು ಆಕೆಯೇ ಅದರಿಂದ ಐದು ಸಾವಿರ ತೆಗೆದು ದಿನಸಿಗೆ ಬಳಸಬೇಕು. ಅರ್ಜಿ ಕೊಟ್ಟ ಮರು ಕೆಲಸದ ದಿನ ಹಣ ಬಂದು ಬಿದ್ದದ್ದನ್ನು ಎರಡು ತಿಂಗಳು ಕಂಡವರಿಗೆ ಹೆದರಿಕೆ ಹೋಗಿರುತ್ತದೆ.

ಆಮೇಲೆ ಸ್ಟೇಟ್‌ಮೆಂಟ್ ಓದಿಸುತ್ತೇನೆ. ಷರತ್ತು ಒಂದೇ, ಗಂಡ ಬಾಯಿ ಬಿಡಬಾರದು. ಒಬ್ಬ ಗೃಹಿಣಿ ಪುಟದ ಮೇಲೆ ಬೆರಳಿಟ್ಟು ಕೇಳಿದರು: "ಸರ್, ಇಲ್ಲಿ ಕಾಸ್ಟ್ ಅಂತ ಒಂದು ಇದೆ, ವ್ಯಾಲ್ಯೂ ಅಂತ ಇನ್ನೊಂದು. ಇದರಲ್ಲಿ ನಮ್ಮದು ಯಾವುದು?" ಗಂಡ ಉತ್ತರಿಸಲು ಹೊರಟವರು ನನ್ನ ಮುಖ ನೋಡಿ ಸುಮ್ಮನಾದರು. ಕಾಸ್ಟ್ ನೀವು ಹಾಕಿದ್ದು, ವ್ಯಾಲ್ಯೂ ಇವತ್ತು ಮಾರಿದರೆ ಸಿಗುವುದು ಎಂದೆ. ಮುಂದಿನ ತಿಂಗಳು ಮಾರುಕಟ್ಟೆ ಇಳಿದು ವ್ಯಾಲ್ಯೂ ಕಡಿಮೆಯಾದಾಗ ಅವರೇ ಫೋನ್ ಮಾಡಿದರು. ಗಂಡ ಜೊತೆಗಿರುವಾಗಲೇ ಒಂದು ಇಳಿತವನ್ನು ಕಾಣುವುದು ಒಳ್ಳೆಯದು. ಮೊದಲ ಇಳಿತವನ್ನು ಒಬ್ಬಂಟಿಯಾಗಿ ಕಂಡವರು ಎಲ್ಲವನ್ನೂ ಮಾರಿಬಿಡುತ್ತಾರೆ.

ಸಾವಿನ ನಂತರದ ಕೆಲಸ ಉದ್ದ, ಆದರೆ ದಾರಿ ಸ್ಪಷ್ಟ. ಮರಣ ಪ್ರಮಾಣಪತ್ರದ ಹತ್ತು ಪ್ರತಿಗಳನ್ನಾದರೂ ತೆಗೆಸಿಕೊಳ್ಳಿ. ನಾಮಿನಿ ಇಲ್ಲದ ಕಡೆ ವಂಶವೃಕ್ಷವೂ ಬೇಕಾಗಬಹುದು, ನಾಡಕಚೇರಿಯಲ್ಲಿ ಅರ್ಜಿ ಹಾಕಿ. ತೀರಿಕೊಂಡವರ ಸಿಮ್ಮನ್ನು ಕೂಡಲೇ ರದ್ದು ಮಾಡಿಸಬೇಡಿ, ಯಾವ ವಿಮೆಯ ಕಂತು, ಯಾವ ಸಾಲದ ಇಎಂಐ ಬಾಕಿಯಿದೆ ಎಂಬ ಸಂದೇಶಗಳು ಅದಕ್ಕೇ ಬರುತ್ತಿರುತ್ತವೆ.

ವಿಮೆಯ ಹಣ ಖಾತೆಗೆ ಬಿದ್ದ ವಾರದಲ್ಲೇ ಯಾರಾದರೂ ಮನೆಗೆ ಬಂದು "ಮೇಡಂ, ಇದನ್ನು ಒಳ್ಳೆಯ ಪ್ಲಾನ್‌ನಲ್ಲಿ ಹಾಕೋಣ" ಎನ್ನಬಹುದು. ಆ ಹಣವನ್ನು ಆರು ತಿಂಗಳು ಸಾಮಾನ್ಯ ಠೇವಣಿಯಲ್ಲೇ ಇಡಿ. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ವಿಮಾ ರಕ್ಷಣೆ ಇರುವುದು 5 ಲಕ್ಷದವರೆಗೆ ಮಾತ್ರ, ಆದ್ದರಿಂದ ಎರಡು ಮೂರು ಬ್ಯಾಂಕುಗಳಿಗೆ ಹಂಚಿ. ಅವಸರದಲ್ಲಿ ಈಗಾಗಲೇ ಹೊಸ ವಿಮೆ ಪಾಲಿಸಿಯೊಂದಕ್ಕೆ ಸಹಿ ಹಾಕಿಬಿಟ್ಟಿದ್ದರೆ, ಪಾಲಿಸಿ ಪತ್ರ ಕೈಸೇರಿದ 30 ದಿನಗಳೊಳಗೆ ಬೇಡವೆಂದು ಬರೆದು ಹಿಂದಿರುಗಿಸಬಹುದು. ಸಣ್ಣ ಕಡಿತ ಹೋಗಿ ಉಳಿದ ಹಣ ವಾಪಸು ಬರುತ್ತದೆ.