ಐದು ತುಂಬಿದ ಮೇಲೆ ಹೊರಬರುವ ಹಳೇ ತಪ್ಪು

ಎಂಟು ವರ್ಷದ ಮಗಳನ್ನು ಕರೆದುಕೊಂಡು ಒಬ್ಬರು ನಮ್ಮ ಆಧಾರ್ ಕೌಂಟರಿಗೆ ಬಂದರು. ಕೈಯಲ್ಲಿ ಎರಡು ರಸೀದಿ. "ಎರಡು ಸಲ ಬೆರಳು ಕೊಟ್ಟಾಯ್ತು ಸಾರ್, ಎರಡು ಸಲವೂ ರಿಜೆಕ್ಟ್. ಮಷೀನೇ ಸರಿ ಇಲ್ಲ ಅನ್ಸುತ್ತೆ" ಅಂದರು. ಮಗು ಮಾತ್ರ ಆರಾಮಾಗಿ ಸ್ಕ್ಯಾನರಿನ ಹಸಿರು ದೀಪ ನೋಡುತ್ತಾ ನಿಂತಿತ್ತು.

ಮಷೀನು ಸರಿಯಾಗೇ ಇತ್ತು. ತಪ್ಪು ಆಗಿದ್ದು ಐದಾರು ವರ್ಷದ ಹಿಂದೆ. ಅದು ಹೇಗೆ ಅಂತ ತಿಳಿಯಬೇಕಾದರೆ ಮೊದಲು ಮಕ್ಕಳ ಆಧಾರ್ ಅಂದರೆ ಏನು ಅಂತ ನೋಡಬೇಕು.

ಐದು ವರ್ಷದ ಒಳಗಿನ ಮಗುವಿಗೆ ನಾವು ಬೆರಳಚ್ಚು ತೆಗೆದುಕೊಳ್ಳುವುದಿಲ್ಲ, ಕಣ್ಣಿನ ಪಾಪೆಯ ಸ್ಕ್ಯಾನೂ ಇಲ್ಲ. ಜನನ ಪ್ರಮಾಣಪತ್ರ ನೋಡುತ್ತೇವೆ, ಒಂದು ಫೋಟೋ ಹೊಡೆಯುತ್ತೇವೆ, ಅಪ್ಪ ಅಥವಾ ಅಮ್ಮನ ಆಧಾರ್ ಸಂಖ್ಯೆ ಸೇರಿಸಿ ಅವರ ಹೆಬ್ಬೆಟ್ಟು ತೆಗೆದುಕೊಳ್ಳುತ್ತೇವೆ. ಅಷ್ಟೇ. ಜನ "ನೀಲಿ ಆಧಾರ್" ಅನ್ನುವುದು ಇದಕ್ಕೇ. ಆ ಮಗು ಇದೇ ಮಗು ಅಂತ ಹೇಳುವ ಗುರುತು ಅದರಲ್ಲಿ ಒಂದೂ ಇರುವುದಿಲ್ಲ. ಆರು ತಿಂಗಳ ಕೂಸಿನ ಫೋಟೋ ನೋಡಿ ಎಂಟು ವರ್ಷದ ಹುಡುಗಿಯನ್ನು ಯಾರು ಗುರುತು ಹಿಡಿಯುತ್ತಾರೆ, ಅಲ್ವಾ?

ದೊಡ್ಡವರು ಎರಡನೇ ಸಲ ಆಧಾರ್ ಮಾಡಿಸಲು ಹೋದರೆ ಬೆರಳು, ಕಣ್ಣು ಎರಡನ್ನೂ ಈಗಾಗಲೇ ಇರುವವರ ದಾಖಲೆ ಜೊತೆ ತಾಳೆ ಹಾಕಿ ಸಿಸ್ಟಮ್ ಹಿಡಿದುಬಿಡುತ್ತದೆ. ಕೂಸಿನ ವಿಷಯದಲ್ಲಿ ತಾಳೆ ಹಾಕಲು ಏನೂ ಇಲ್ಲ. ಹಾಗಾಗಿ ಒಂದೇ ಮಗುವಿಗೆ ಎರಡು ಸಂಖ್ಯೆ ಬಂದರೂ ಐದು ವರ್ಷದ ತನಕ ಯಾರಿಗೂ ಗೊತ್ತಾಗುವುದಿಲ್ಲ. ಐದು ತುಂಬಿದ ಮೇಲೆ ಮಾಡಿಸಬೇಕಾದ ಕಡ್ಡಾಯ ಬಯೋಮೆಟ್ರಿಕ್ ಅಪ್‌ಡೇಟ್‌ಗೆ ಹೆಸರು ಅಪ್‌ಡೇಟ್ ಅಂತ ಇದ್ದರೂ, ನನ್ನ ಲೆಕ್ಕದಲ್ಲಿ ಮಗುವಿನ ನಿಜವಾದ ನೋಂದಣಿ ಅದೇ. ಹತ್ತು ಬೆರಳು, ಎರಡು ಕಣ್ಣು ಮೊದಲ ಸಲ ಒಳಗೆ ಹೋಗುವುದು ಆಗ. ಹಳೇ ತಪ್ಪುಗಳು ಹೊರಬರುವುದೂ ಆಗಲೇ.

ನಾನು ಆ ತಂದೆಯನ್ನು ಕೇಳಿದ್ದು ಒಂದೇ ಪ್ರಶ್ನೆ: "ಮಗು ಹುಟ್ಟಿದ್ದು ಎಲ್ಲಿ?" ಹೆಂಡತಿಯ ತವರಿನಲ್ಲಂತೆ. ಬಾಣಂತನವೂ ಅಲ್ಲೇ. ಅಲ್ಲಿ ಯಾರೋ ಆಧಾರ್ ಮಾಡಿಸಿದ್ದಾರಾ ಅಂದೆ. "ಮಾಡಿಸಿದ್ರು ಅನ್ಸುತ್ತೆ ಸಾರ್, ಆದ್ರೆ ಕಾರ್ಡು ಸಿಗ್ಲಿಲ್ಲ. ಅಂಗನವಾಡಿಗೆ ಬೇಕು ಅಂದ್ರು, ಅದಕ್ಕೆ ಮೂರು ವರ್ಷ ಇದ್ದಾಗ ಇಲ್ಲಿ ಹೊಸದು ಮಾಡಿಸಿದ್ವಿ." ಅಲ್ಲಿಗೆ ಗಂಟು ಎಲ್ಲಿದೆ ಅಂತ ಗೊತ್ತಾಯಿತು. ಇನ್ನೂ ಕೆದಕಿದಾಗ ಒಂದನೇ ಕ್ಲಾಸು ಓದಿದ್ದೂ ಅಜ್ಜಿ ಊರಿನಲ್ಲೇ ಅಂತ ಹೊರಬಿತ್ತು. ಆ ವರ್ಷ ಅಲ್ಲಿ ಒಂದು ಆಧಾರ್ ಕ್ಯಾಂಪ್ ನಡೆದಿತ್ತು. ಸೋದರಮಾವ ಕರೆದುಕೊಂಡು ಹೋಗಿ ಬೆರಳು ಕೊಡಿಸಿದ್ದರು, ಮೊದಲ ಸಂಖ್ಯೆಗೆ. ಇಲ್ಲಿ ಅಪ್ಪ ಬೆರಳು ಕೊಡಿಸುತ್ತಿದ್ದದ್ದು ಎರಡನೇ ಸಂಖ್ಯೆಗೆ. ಈ ಬೆರಳು ಆಗಲೇ ಇನ್ನೊಂದು ಸಂಖ್ಯೆಯಲ್ಲಿದೆ ಅಂತ ಸಿಸ್ಟಮ್ ಎರಡು ಸಲವೂ ಸರಿಯಾಗೇ ಹೇಳಿತ್ತು. ಮೂರನೇ ಸಲ ಕೊಟ್ಟಿದ್ದರೂ ಅದೇ ಉತ್ತರ ಬರುತ್ತಿತ್ತು.

ಅಜ್ಜಿಗೆ ಫೋನ್ ಮಾಡಿಸಿದೆ. ಟ್ರಂಕಿನಲ್ಲಿ ತಾಯಿ ಕಾರ್ಡಿನ ಪ್ಲಾಸ್ಟಿಕ್ ಕವರೊಳಗೆ ಲ್ಯಾಮಿನೇಟ್ ಮಾಡಿಸಿದ ನೀಲಿ ಕಾಗದ ಇತ್ತು. ಅಜ್ಜಿ ಒಂದೊಂದೇ ಅಂಕಿ ಓದಿದರು, ನಾನು ಬರೆದುಕೊಂಡೆ. `myaadhaar.uidai.gov.in` ನಲ್ಲಿ ಒಂದು ಸಂಖ್ಯೆ ಚಾಲ್ತಿಯಲ್ಲಿದೆಯಾ ಅಂತ ನೋಡುವ ಜಾಗ ಇದೆ. ಅಲ್ಲಿ ಹೆಸರು ಬರುವುದಿಲ್ಲ. ಯಾವ ವಯಸ್ಸಿನ ಗುಂಪು, ಗಂಡೋ ಹೆಣ್ಣೋ, ಯಾವ ರಾಜ್ಯ, ಮೊಬೈಲ್ ನಂಬರಿನ ಕೊನೆಯ ಮೂರು ಅಂಕಿ ಇಷ್ಟು ಮಾತ್ರ ತೋರಿಸುತ್ತದೆ. ನಮಗೆ ಅಷ್ಟೇ ಸಾಕಿತ್ತು. ಸಂಖ್ಯೆ ಜೀವಂತವಾಗಿತ್ತು. ಕೊನೆಯ ಮೂರು ಅಂಕಿ ನೋಡಿದ ಕೂಡಲೇ ಅಪ್ಪ "ಅದು ನನ್ನ ಬಾಮೈದನ ನಂಬರು" ಅಂದರು.

ಒಬ್ಬರಿಗೆ ಎರಡು ಸಂಖ್ಯೆ ಉಳಿಯುವುದಿಲ್ಲ. ಇಲ್ಲಿ ಮೊದಲು ಆಗಿದ್ದು ಅಜ್ಜಿ ಊರಿನ ಸಂಖ್ಯೆ, ಬೆರಳು ಮೊದಲು ಸೇರಿದ್ದೂ ಅದಕ್ಕೇ. ಉಳಿಯುವುದು ಅದೇ. ಶಾಲೆ, ಬ್ಯಾಂಕು, ರೇಷನ್ ಕಾರ್ಡು ಎಲ್ಲಾ ಕಡೆ ಕೊಟ್ಟಿದ್ದು ಮಾತ್ರ ಎರಡನೆಯದು. ಈ ಓಡಾಟ ತಪ್ಪಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ನಿಮ್ಮ ಮನೆಯಲ್ಲೂ ತವರಿನಲ್ಲಿ ಒಂದು, ಇಲ್ಲಿ ಒಂದು ಆಗಿರಬಹುದು ಅನ್ನಿಸಿದರೆ ಐದು ತುಂಬುವ ಮೊದಲೇ ಹುಡುಕಿ. ಗೊತ್ತಾಗದಿದ್ದರೆ 1947ಕ್ಕೆ ಫೋನ್ ಮಾಡಿ ಕೇಳಿ. ಸುಮ್ನೆ ಮತ್ತೆ ಮತ್ತೆ ಬೆರಳು ಕೊಡಬೇಡಿ.

ಇನ್ನೊಂದು ತಪ್ಪು ನಮ್ಮ ಕಡೆಯಿಂದ ಆಗುವಂಥದ್ದು. ಅಣ್ಣ ತಂಗಿ ಇಬ್ಬರೂ ಒಟ್ಟಿಗೆ ಬಂದಿರುತ್ತಾರೆ, ಇಬ್ಬರ ಕಾರ್ಡೂ ಮೇಜಿನ ಮೇಲಿರುತ್ತದೆ. ತಂಗಿಯ ಸಂಖ್ಯೆ ಟೈಪ್ ಮಾಡಿ ಅಣ್ಣನ ಬೆರಳು ತೆಗೆದುಬಿಟ್ಟರೆ? ಕ್ಯಾಂಪಿನ ಗದ್ದಲದಲ್ಲಿ ಇದು ಆಗುತ್ತದೆ. ಆಮೇಲೆ ಅಣ್ಣನ ಬೆರಳು ಅವನದೇ ಸಂಖ್ಯೆಗೆ ಹೋಗುವುದಿಲ್ಲ, ತಂಗಿಯ ಬೆರಳು ಅವಳ ಸಂಖ್ಯೆಗೆ ತಾಳೆಯಾಗುವುದಿಲ್ಲ. ಬಿಡಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅದಕ್ಕೇ ನಾನು ಒಂದು ಮಗುವಿನದು ಪೂರ್ತಿ ಮುಗಿಯುವ ತನಕ ಇನ್ನೊಂದು ಕಾರ್ಡನ್ನು ಮೇಜಿನ ಮೇಲೆ ಇಡಲು ಬಿಡುವುದಿಲ್ಲ. ನೀವು ಮಾಡಬೇಕಾದದ್ದು, ರಸೀದಿ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಹೆಸರು, ಸಂಖ್ಯೆ, ಫೋಟೋ ಮೂರನ್ನೂ ನೋಡುವುದು.

ಬೆರಳು ತೆಗೆಯುವುದು ಮೂರು ಸುತ್ತಿನಲ್ಲಿ: ಎಡಗೈಯ ನಾಲ್ಕು, ಬಲಗೈಯ ನಾಲ್ಕು, ಕೊನೆಗೆ ಎರಡೂ ಹೆಬ್ಬೆರಳು. ಚಿಕ್ಕ ಮಕ್ಕಳ ಬೆರಳಿನ ಗೆರೆಗಳು ಬಹಳ ಸಣ್ಣ, ಒತ್ತೊತ್ತಾಗಿರುತ್ತವೆ. ಮದರಂಗಿ, ಸ್ಕೆಚ್ ಪೆನ್ನಿನ ಬಣ್ಣ, ಚಳಿಗಾಲದ ಒಣ ಚರ್ಮ ಇದ್ದರೆ ಗುಣಮಟ್ಟ ಕಡಿಮೆ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ನಿಮಿಷ ಬಿಟ್ಟು ತೆಗೆಯುತ್ತೇವೆ. ಸಹಾಯ ಮಾಡಲು ಅಮ್ಮ ಮಗುವಿನ ಕೈ ಮೇಲೆ ತನ್ನ ಕೈ ಇಟ್ಟು ಒತ್ತುತ್ತಾರೆ. ಆಗ ಅಮ್ಮನ ಬೆರಳ ತುದಿ ಗಾಜಿಗೆ ತಾಗಿದರೆ ಆ ಸುತ್ತು ಮತ್ತೆ ಮೊದಲಿಂದ. ಮಣಿಕಟ್ಟು ಹಿಡಿದರೆ ಸಾಕು.

ಗೆರೆಗಳ ವಿನ್ಯಾಸ ಹುಟ್ಟುವ ಮೊದಲೇ ಆಗಿರುತ್ತದೆ, ಬದಲಾಗುವುದಿಲ್ಲ. ಆದರೆ ಬೆರಳು ಬೆಳೆದಂತೆ ಗೆರೆಗಳ ನಡುವಿನ ಅಂತರ ಹಿಗ್ಗುತ್ತದೆ. ಬಲೂನಿನ ಮೇಲೆ ಪೆನ್ನಲ್ಲಿ ಬರೆದು ಊದಿದ ಹಾಗೆ. ಐದರಲ್ಲಿ ಕೊಟ್ಟ ಅಚ್ಚು ಹದಿನಾರರ ಬೆರಳಿಗೆ ಸರಿಯಾಗಿ ಕೂರುವುದಿಲ್ಲ. ಹದಿನೈದಕ್ಕೆ ಇನ್ನೊಮ್ಮೆ ಕೇಳುವುದು ಇದಕ್ಕೇ.

ಎರಡು ಸಲಕ್ಕೂ ಎರಡೆರಡು ವರ್ಷ ಗಡುವು. ಐದರಿಂದ ಏಳು, ಹದಿನೈದರಿಂದ ಹದಿನೇಳು. ಈ ಅವಧಿಯಲ್ಲಿ ದುಡ್ಡಿಲ್ಲ. ತಪ್ಪಿದರೆ 125 ರೂಪಾಯಿ. ಏಳು ದಾಟಿ ಬಾಕಿ ಉಳಿದ ಮಕ್ಕಳಿಗೂ 2025ರ ಅಕ್ಟೋಬರ್ 1ರಿಂದ ಒಂದು ವರ್ಷ ಈ ಶುಲ್ಕ ಮನ್ನಾ ಮಾಡಿದ್ದಾರೆ. ಗಡುವು ಮೀರಿದರೆ ಸಂಖ್ಯೆಯನ್ನು ನಿಷ್ಕ್ರಿಯ ಮಾಡಲು ನಿಯಮದಲ್ಲಿ ಅವಕಾಶ ಇದೆ. ಆದರೆ ಹಾಗೆ ಆದದ್ದು ಮನೆಯವರಿಗೆ ಗೊತ್ತಾಗುವುದು ಸ್ಕಾಲರ್‌ಶಿಪ್ ಅರ್ಜಿ ಹಾಕುವ ಕೊನೇ ದಿನ.

ಬೆರಳು ಕೊಟ್ಟ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ರಸೀದಿಯಲ್ಲಿ 14 ಅಂಕಿಯ ನೋಂದಣಿ ಸಂಖ್ಯೆ, ಪಕ್ಕದಲ್ಲಿ ದಿನಾಂಕ, ಸಮಯ ಇರುತ್ತದೆ. ಕೆಲವು ದಿನ ಬಿಟ್ಟು ಅದನ್ನು ಹಾಕಿ ಸ್ಥಿತಿ ನೋಡಿ. ಇನ್ನೂ ಸುಲಭದ ದಾರಿ ಇ-ಆಧಾರ್ ಡೌನ್‌ಲೋಡ್ ಮಾಡುವುದು. ಫೋಟೋ ಹೊಸದಾಗಿದ್ದರೆ ಆಗಿದೆ. ಇನ್ನೂ ತೊಟ್ಟಿಲ ಕೂಸೇ ಕಾಣುತ್ತಿದ್ದರೆ ಆಗಿಲ್ಲ.

ಆ ಹುಡುಗಿಯದು ಮುಂದೆ ಹೀಗಾಯಿತು. ಇ-ಆಧಾರ್ ಬೇಕೆಂದರೆ ಒಟಿಪಿ ಸೋದರಮಾವನ ಫೋನಿಗೆ ಹೋಗುತ್ತಿತ್ತು, ಅವರು ಡ್ಯೂಟಿಯಲ್ಲಿ ಫೋನ್ ಎತ್ತಲಿಲ್ಲ. ಮೊದಲ ಸಂಖ್ಯೆಗೆ ಅಪ್ಪನ ಮೊಬೈಲ್ ಸೇರಿಸಿಕೊಟ್ಟೆ. ಎರಡು ವಾರ ಬಿಟ್ಟು ಅವರು ಹೊಸ ಪ್ರಿಂಟ್ ಹಿಡಿದು ಬಂದರು. ಅದರಲ್ಲಿ ಕ್ಯಾಂಪಿನ ದಿನದ ಫೋಟೋ, ಮುಂದಿನ ಎರಡು ಹಲ್ಲು ಇಲ್ಲ. ಶಾಲೆಯಲ್ಲಿ ಸಂಖ್ಯೆ ಬದಲಾಯಿಸಿದ್ದಾರೆ, ಬ್ಯಾಂಕಿನಲ್ಲಿ ಅರ್ಜಿ ಕೊಟ್ಟಿದ್ದಾರೆ. ರೇಷನ್ ಕಾರ್ಡಿನದು ಇನ್ನೂ ಬಾಕಿ.